ಒಂದೇ ಹುಡುಕಾಟಕ್ಕೆ ನಿಮ್ಮದೇ ಎರಡು ವಿಡಿಯೋ: ಬೇರೆ ಮಾಡುವ ಕ್ರಮ

ಯೂಟ್ಯೂಬ್‌ನಲ್ಲಿ ಒಂದೇ ವಿಷಯದ ಮೇಲೆ ಎರಡು ವಿಡಿಯೋ ಹಾಕಿದರೆ ಚಾನೆಲ್‌ಗೆ ದಂಡ ಬೀಳುತ್ತದೆ ಎಂಬ ಮಾತು ಓಡಾಡುತ್ತಿದೆ. ಅಂಥ ದಂಡವೇನೂ ಇಲ್ಲ. ಯಾರಾದರೂ ಏನನ್ನಾದರೂ ಹುಡುಕಿದಾಗ ಯೂಟ್ಯೂಬ್ ಚಾನೆಲ್‌ಗಳನ್ನು ಸಾಲಾಗಿ ನಿಲ್ಲಿಸುವುದಿಲ್ಲ, ವಿಡಿಯೋಗಳನ್ನು ನಿಲ್ಲಿಸುತ್ತದೆ. ಟೈಟಲ್, ಡಿಸ್ಕ್ರಿಪ್ಷನ್, ಟ್ಯಾಗ್ ಮತ್ತು ವಿಡಿಯೋದೊಳಗಿನ ವಿಷಯ ಹುಡುಕಿದ ಮಾತಿಗೆ ಎಷ್ಟು ಹೊಂದುತ್ತವೆ, ಅದೇ ಮಾತು ಹುಡುಕಿ ಬಂದವರು ಆ ವಿಡಿಯೋವನ್ನು ಎಷ್ಟು ಹೊತ್ತು ನೋಡಿದರು ಎಂಬುದನ್ನೆಲ್ಲ ಅದು ಗಮನಿಸುತ್ತದೆ. ಹಾಗಾಗಿ ನಿಮ್ಮ ಎರಡೂ ವಿಡಿಯೋ ಮೊದಲ ಸಾಲುಗಳಲ್ಲೇ ಬರುತ್ತಿದ್ದರೆ, ಬಂದವರು ಎರಡನ್ನೂ ಚೆನ್ನಾಗಿ ನೋಡುತ್ತಿದ್ದರೆ, ಅದು ತೊಂದರೆಯಲ್ಲ, ಲಾಭ. ಅದನ್ನು ಮುಟ್ಟಬೇಡಿ.

ತೊಂದರೆ ಬೇರೆ ಕಡೆ ಇದೆ. ಎರಡು ವಿಡಿಯೋಗಳ ಒಳಗಿರುವುದು ಬೇರೆ ಬೇರೆ, ಆದರೆ ಹೊರಗಿನ ಬೋರ್ಡು ಒಂದೇ ಆಗಿದ್ದರೆ, ಹುಡುಕುವವರಿಗೆ ಬೇಕಿಲ್ಲದ ವಿಡಿಯೋ ಕೈಗೆ ಸಿಗುತ್ತದೆ. ಅವರು ಅರ್ಧ ನಿಮಿಷ ನೋಡಿ ಹೊರಬೀಳುತ್ತಾರೆ. ಆ ಮಾತಿಗೆ ಬರಬೇಕಾದ ವೀಕ್ಷಣೆ ಎರಡು ಪಾಲಾಗುತ್ತದೆ, ಅದರಲ್ಲಿ ಒಂದು ಪಾಲು ವ್ಯರ್ಥವಾಗುತ್ತದೆ. ಬಿಡಿಸಬೇಕಾದ್ದು ಈ ಗಂಟನ್ನು.

ಕೆಲಸ ಸ್ಪಷ್ಟವಾಗಲಿ ಎಂದು ಒಂದು ಅಡುಗೆ ಚಾನೆಲ್ ಇದೆ ಎಂದು ಇಟ್ಟುಕೊಳ್ಳೋಣ. ಅದರಲ್ಲಿ ರಾಗಿ ಮುದ್ದೆಯ ಎರಡು ವಿಡಿಯೋ ಇವೆ. ಮೊದಲನೆಯದು ಹಳೆಯದು, 13 ನಿಮಿಷ 40 ಸೆಕೆಂಡಿನದು. ಸೌದೆ ಒಲೆ, ದೊಡ್ಡ ಪಾತ್ರೆ, ಎಸರು ಕುದಿಸಿ ಹಿಟ್ಟು ಸುರಿದು ಕೋಲಿನಲ್ಲಿ ತೊಳಸುವುದು, ಎಲ್ಲವೂ ನಿಧಾನವಾಗಿ. ಎರಡನೆಯದು ಈಚಿನದು, 5 ನಿಮಿಷ 10 ಸೆಕೆಂಡಿನದು. ಗ್ಯಾಸ್ ಒಲೆಯ ಮೇಲೆ, ಮೊದಲ ಸಲ ಮಾಡುವವರಿಗೆ, ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರಿನ ಲೆಕ್ಕದಲ್ಲಿ ಗಂಟಾಗದಂತೆ ಮಾಡುವ ಕ್ರಮ. ಎರಡರ ಟೈಟಲ್ ಹೀಗಿವೆ:

```
ರಾಗಿ ಮುದ್ದೆ ಮಾಡುವ ವಿಧಾನ | Ragi Mudde Recipe in Kannada
ಸುಲಭವಾಗಿ ರಾಗಿ ಮುದ್ದೆ ಮಾಡುವ ವಿಧಾನ | Ragi Mudde Recipe in Kannada
```

ಇವನ್ನು ಮುಂದೆ ಹಳೆಯದು, ಹೊಸದು ಎಂದೇ ಕರೆಯೋಣ.

## ಮೊದಲು ಪೈಪೋಟಿ ನಿಜವೇ ಎಂದು ನೋಡಿ

ನಿಮ್ಮದೇ ಮೊಬೈಲಿನಲ್ಲಿ ಹುಡುಕಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ನಿಮ್ಮ ಖಾತೆಯಲ್ಲಿ ನಿಮ್ಮ ಚಾನೆಲ್‌ನ ವಿಡಿಯೋಗಳನ್ನೇ ನೀವು ಹೆಚ್ಚು ನೋಡಿರುತ್ತೀರಿ, ಫಲಿತಾಂಶ ಅದಕ್ಕೆ ತಕ್ಕಂತೆ ವಾಲಿರುತ್ತದೆ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಹುಡುಕಿದರೆ ಸ್ವಲ್ಪ ಮೇಲು, ಆದರೂ ನೀವಿರುವ ಊರಿನ ಪ್ರಭಾವ ಉಳಿಯುತ್ತದೆ. ಭರವಸೆ ಇಡಬಹುದಾದದ್ದು ಯೂಟ್ಯೂಬ್ ಸ್ಟುಡಿಯೋದ ಅಂಕಿಗಳ ಮೇಲೆ ಮಾತ್ರ.

ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೋ ತೆರೆಯಿರಿ. ಎಡಗಡೆ `Content` ಒತ್ತಿ, ಹಳೆಯ ವಿಡಿಯೋ ಆರಿಸಿ, ಅದರ `Analytics` ಪುಟಕ್ಕೆ ಹೋಗಿ. ಮೇಲಿನ ಮೂಲೆಯಲ್ಲಿ ಅವಧಿಯನ್ನು 90 ದಿನಕ್ಕೆ ಬದಲಿಸಿ. ತೀರಾ ಕಡಿಮೆ ದಿನಗಳ ಲೆಕ್ಕ ಚಿಕ್ಕ ಚಾನೆಲ್‌ಗೆ ಸಾಲದು, ನಾಲ್ಕೈದು ವೀಕ್ಷಣೆಯ ಏರಿಳಿತವೂ ದೊಡ್ಡದಾಗಿ ಕಾಣುತ್ತದೆ. `Advanced mode` ಒತ್ತಿ, `Traffic source` ಆರಿಸಿ, ಪಟ್ಟಿಯಲ್ಲಿ `YouTube search` ಮೇಲೆ ಒತ್ತಿದರೆ ಜನ ಯಾವ ಮಾತು ಟೈಪ್ ಮಾಡಿ ಈ ವಿಡಿಯೋಗೆ ಬಂದರು ಎಂಬ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಬಾಣದ ಗುರುತಿನಿಂದ ಅದನ್ನು ಇಳಿಸಿಕೊಳ್ಳಿ. ಹೊಸ ವಿಡಿಯೋಗೂ ಇದೇ ಕೆಲಸ, ಅದೇ ತಾರೀಖುಗಳ ನಡುವೆ. ಎರಡು ಪಟ್ಟಿಗಳ ಅವಧಿ ಒಂದೇ ಇರಲೇಬೇಕು. ಹೊಸ ವಿಡಿಯೋ ಹಾಕಿ 60 ದಿನವಷ್ಟೇ ಆಗಿದ್ದರೆ ಎರಡಕ್ಕೂ 60 ದಿನವನ್ನೇ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ: ತೀರಾ ಕಡಿಮೆ ಬಾರಿ ಹುಡುಕಿದ ಮಾತುಗಳನ್ನು ಈ ಪಟ್ಟಿ ತೋರಿಸುವುದಿಲ್ಲ. ಹಾಗಾಗಿ ಸಾಲುಗಳನ್ನು ಕೂಡಿಸಿದರೆ ಒಟ್ಟು ಮೊತ್ತ ಹೊಂದುವುದಿಲ್ಲ. ಅದು ನಿಮ್ಮ ಲೆಕ್ಕದ ತಪ್ಪಲ್ಲ.

ಎರಡೂ ಪಟ್ಟಿಗಳನ್ನು ಒಂದು ಶೀಟಿನಲ್ಲಿ ಅಕ್ಕಪಕ್ಕ ಇಡಿ. ಇಲ್ಲಿ ಕನ್ನಡದ ಚಾನೆಲ್‌ಗಳಿಗೇ ಇರುವ ಒಂದು ತೊಡಕು ಎದುರಾಗುತ್ತದೆ. ಒಂದೇ ಹುಡುಕಾಟ ಪಟ್ಟಿಯಲ್ಲಿ ನಾಲ್ಕೈದು ವೇಷದಲ್ಲಿ ಬಂದಿರುತ್ತದೆ: `ರಾಗಿ ಮುದ್ದೆ ಮಾಡುವ ವಿಧಾನ`, `ragi mudde recipe in kannada`, `ragi mudde maduva vidhana`, `ragi mudhe`, `how to make ragi mudde`. ನಮ್ಮಲ್ಲಿ ಬಹಳ ಜನ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲೇ ಟೈಪ್ ಮಾಡುತ್ತಾರೆ, ಕಾಗುಣಿತ ಅವರವರ ಕೈಗೆ ಬಂದಂತೆ. ಇವೆಲ್ಲ ಒಂದೇ ಬೇಡಿಕೆ. ಶೀಟಿನಲ್ಲಿ ಹೊಸ ಅಂಕಣ ಮಾಡಿ, ಇಂಥ ಸಾಲುಗಳಿಗೆಲ್ಲ ‘ಮಾಡುವ ವಿಧಾನ’ ಎಂದು ಒಂದೇ ಹೆಸರು ಕೊಟ್ಟು, ಅಂಕಿಗಳನ್ನು ಒಟ್ಟುಗೂಡಿಸಿ. ಹೀಗೆ ಗುಂಪು ಮಾಡದೆ ಸಾಲು ಸಾಲಾಗಿ ಹೋಲಿಸಿದರೆ ಪೈಪೋಟಿ ಇದ್ದರೂ ಕಾಣುವುದಿಲ್ಲ, ಏಕೆಂದರೆ ಹಳೆಯ ವಿಡಿಯೋಗೆ ಒಂದು ಕಾಗುಣಿತದಲ್ಲಿ ಜನ ಬಂದಿರುತ್ತಾರೆ, ಹೊಸದಕ್ಕೆ ಇನ್ನೊಂದರಲ್ಲಿ.

ನಮ್ಮ ಉದಾಹರಣೆಯಲ್ಲಿ ಗುಂಪು ಮಾಡಿದ ಮೇಲೆ ಹೀಗೆ ಬಂತು ಎಂದುಕೊಳ್ಳಿ. ‘ಮಾಡುವ ವಿಧಾನ’ ಗುಂಪಿನಲ್ಲಿ ಹಳೆಯದಕ್ಕೆ 620 ವೀಕ್ಷಣೆ, ಹೊಸದಕ್ಕೆ 540. ಇಷ್ಟನ್ನೇ ನೋಡಿದರೆ ಹಳೆಯದೇ ಮುಂದಿದೆ ಎನಿಸುತ್ತದೆ. ಪಕ್ಕದ `Average view duration` ಅಂಕಣ ನೋಡಿ: ಈ ಗುಂಪಿನಿಂದ ಬಂದವರು ಹಳೆಯದನ್ನು ಸರಾಸರಿ 2 ನಿಮಿಷ 5 ಸೆಕೆಂಡ್ ನೋಡಿದ್ದಾರೆ, ಅಂದರೆ ವಿಡಿಯೋದ ನೂರಕ್ಕೆ 15 ಭಾಗ. ಹೊಸದನ್ನು 2 ನಿಮಿಷ 50 ಸೆಕೆಂಡ್, ನೂರಕ್ಕೆ 55 ಭಾಗ. 13 ನಿಮಿಷದ ವಿಡಿಯೋದಲ್ಲಿ ಎರಡನೇ ನಿಮಿಷಕ್ಕೆ ಇನ್ನೂ ಎಸರೇ ಕುದಿದಿರುವುದಿಲ್ಲ. ಬಂದವರು ಮುದ್ದೆಯ ಮುಖ ನೋಡದೆ ಹೊರಟರು ಎಂದರ್ಥ.

(ಹಲವು ಸಾಲುಗಳ ಸರಾಸರಿಯನ್ನು ಒಟ್ಟುಗೂಡಿಸುವಾಗ ಸರಾಸರಿಗಳನ್ನೇ ಕೂಡಿಸಿ ಭಾಗಿಸಬೇಡಿ. ಪ್ರತಿ ಸಾಲಿನ ಒಟ್ಟು ವೀಕ್ಷಣಾ ಸಮಯವನ್ನು ಕೂಡಿಸಿ, ಒಟ್ಟು ವೀಕ್ಷಣೆಯಿಂದ ಭಾಗಿಸಿ.)

ಇನ್ನು ಅದೇ ಪಟ್ಟಿಯ ಕೆಳಗೆ ಹೋಗಿ. ಹಳೆಯ ವಿಡಿಯೋಗೆ `village style ragi mudde`, `ಹಳ್ಳಿ ಮುದ್ದೆ`, `ಮುದ್ದೆ ಕೋಲು` ಎಂದು ಹುಡುಕಿ 140 ಜನ ಬಂದಿದ್ದಾರೆ, ಆದರೆ ಅವರು ಸರಾಸರಿ 6 ನಿಮಿಷ ಕೂತು ನೋಡಿದ್ದಾರೆ. ಈ ಚಿಕ್ಕ ಗುಂಪೇ ಇಡೀ ಕೆಲಸದ ಕೀಲಿ. ಹಳೆಯ ವಿಡಿಯೋವನ್ನು ಎಲ್ಲಿಗೆ ಸರಿಸಬೇಕು ಎಂದು ನೀವು ಊಹಿಸಬೇಕಿಲ್ಲ, ನೋಡಿದವರೇ ಹೇಳಿಬಿಟ್ಟಿದ್ದಾರೆ. ಎರಡನೇ ಗುಂಪು ಇಲ್ಲದ ವಿಡಿಯೋವನ್ನು ಬೇರೆ ಕಡೆಗೆ ಸರಿಸುವುದು ಕಷ್ಟ. ಆ ಸಂದರ್ಭದ ಮಾತು ಕೊನೆಯಲ್ಲಿ ಬರುತ್ತದೆ.

ಪೈಪೋಟಿ ನಿಜ ಎಂದು ತೀರ್ಮಾನಿಸಲು ಎರಡು ಗುರುತು ಸಾಕು: ಒಂದೇ ಗುಂಪಿನ ಮಾತುಗಳಿಂದ ಎರಡಕ್ಕೂ ಗಣನೀಯ ಪ್ರಮಾಣದಲ್ಲಿ ಜನ ಬರುತ್ತಿರಬೇಕು, ಮತ್ತು ಆ ಜನ ಒಂದನ್ನು ಮಾತ್ರ ಎದ್ದುಕಾಣುವಷ್ಟು ಬೇಗ ಬಿಡುತ್ತಿರಬೇಕು. ಎರಡು ವಿಡಿಯೋಗಳ ಹುಡುಕಾಟದ ಗೆರೆಗಳು ಒಂದು ಏರಿದಾಗ ಇನ್ನೊಂದು ಇಳಿಯುವಂತೆ ಸಾಗುತ್ತಿದ್ದರೆ ಅದು ಮೂರನೆಯ ಸಾಕ್ಷಿ. ಎರಡೂ ಒಟ್ಟಿಗೆ ಇಳಿಯುತ್ತಿದ್ದರೆ ಕಾರಣ ಬೇರೆ: ಹೊರಗಿನ ಚಾನೆಲ್ ಮುಂದೆ ಹೋಗಿರಬಹುದು, ಅಥವಾ ಆ ವಿಷಯವನ್ನು ಹುಡುಕುವವರೇ ಕಡಿಮೆಯಾಗಿರಬಹುದು. ಆಗ ಟೈಟಲ್, ಡಿಸ್ಕ್ರಿಪ್ಷನ್ ಬೇರ್ಪಡಿಸಿ ಪ್ರಯೋಜನವಿಲ್ಲ.

## ಮಾತು ಯಾರಿಗೆ ಸೇರಬೇಕು

ಹೆಚ್ಚು ಜನ ಹುಡುಕುವ ದೊಡ್ಡ ಮಾತನ್ನು ಹೆಚ್ಚು ವೀಕ್ಷಣೆಯ ವಿಡಿಯೋಗೆ ಬಿಟ್ಟುಕೊಡುವುದು ರೂಢಿ. ಅದು ಸರಿಯಲ್ಲ. ಹಳೆಯದಕ್ಕೆ ವರ್ಷಗಟ್ಟಲೆ ಕೂಡಿದ ವೀಕ್ಷಣೆ ಇರುತ್ತದೆ, ಅದು ಸಹಜ. ನೋಡಬೇಕಾದ್ದು ಆ ಮಾತು ಹುಡುಕಿ ಬಂದವರು ಯಾವುದರಲ್ಲಿ ನಿಂತರು ಎಂಬುದನ್ನು. ಮೇಲಿನ ಲೆಕ್ಕದಲ್ಲಿ ನಿಮಿಷದಲ್ಲೂ ಶೇಕಡಾದಲ್ಲೂ ಹೊಸದೇ ಮುಂದಿದೆ, ಹಾಗಾಗಿ ನಿರ್ಧಾರ ಸುಲಭ. ನಿಮಿಷದಲ್ಲಿ ಒಂದು, ಶೇಕಡಾದಲ್ಲಿ ಇನ್ನೊಂದು ಮುಂದಿದ್ದರೆ ಹುಡುಕಿದವರ ಜಾಗದಲ್ಲಿ ನಿಂತು ಯೋಚಿಸಿ: ‘ಮಾಡುವ ವಿಧಾನ’ ಎಂದು ಟೈಪ್ ಮಾಡಿದವರ ಕೈಯಲ್ಲಿ ಹಿಟ್ಟಿನ ಡಬ್ಬ ಇರುತ್ತದೆ, ಅವರಿಗೆ ಬೇಕಿರುವುದು ಅಳತೆ ಮತ್ತು ಕ್ರಮ. ಅದನ್ನು ಬೇಗ ತಲುಪಿಸುವ ವಿಡಿಯೋಗೇ ಆ ಮಾತು ಸೇರಬೇಕು.

ಮುಟ್ಟುವ ಮುನ್ನ ಇನ್ನೊಂದು ಕಡೆ ಇಣುಕಿ. ಹಳೆಯ ವಿಡಿಯೋದ `Traffic source` ಪಟ್ಟಿಯಲ್ಲಿ `External` ಒತ್ತಿದರೆ ಗೂಗಲ್ ಹುಡುಕಾಟದಿಂದ, ವಾಟ್ಸಾಪ್‌ನಿಂದ ಎಷ್ಟು ಜನ ಬರುತ್ತಾರೆ ಎಂದು ಕಾಣುತ್ತದೆ. ಗೂಗಲ್‌ನಿಂದಲೇ ದೊಡ್ಡ ಪಾಲು ಬರುತ್ತಿದ್ದರೆ ಟೈಟಲ್ ಬದಲಾವಣೆ ಅದನ್ನೂ ಅಲುಗಾಡಿಸಬಹುದು. ಹಾಗೆಯೇ, ಅದರ ವೀಕ್ಷಣೆಯಲ್ಲಿ ಹುಡುಕಾಟದ ಪಾಲು ಚಿಕ್ಕದಿದ್ದು, ಹೋಮ್ ಪುಟ ಮತ್ತು ಪಕ್ಕದ ಸಲಹೆಗಳಿಂದಲೇ ಅದು ಓಡುತ್ತಿದ್ದರೆ, ಹುಡುಕಾಟದ ಚಿಕ್ಕ ಲಾಭಕ್ಕಾಗಿ ಓಡುತ್ತಿರುವ ಟೈಟಲ್ ಬದಲಿಸುವುದು ಜಾಣತನವಲ್ಲ. ಹಾಗಿದ್ದರೆ ಟೈಟಲ್ ಬಿಟ್ಟು ಡಿಸ್ಕ್ರಿಪ್ಷನ್, ಕಾರ್ಡ್ ಇಷ್ಟರಲ್ಲೇ ಕೆಲಸ ಮುಗಿಸಿ.

## ಸರಿಯುವ ವಿಡಿಯೋವನ್ನೇ ಮೊದಲು ಬದಲಿಸಿ

ಎರಡನ್ನೂ ಒಂದೇ ದಿನ ಬದಲಿಸಿದರೆ ಆಮೇಲೆ ಅಂಕಿ ಏರಿದರೂ ಇಳಿದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಜಾಗ ಬಿಟ್ಟುಕೊಡಬೇಕಾದದ್ದು ಹಳೆಯದು, ಆದ್ದರಿಂದ ಮೊದಲ ಸುತ್ತಿನಲ್ಲಿ ಅದನ್ನು ಮಾತ್ರ ಮುಟ್ಟಿ, ಹೊಸದನ್ನು ಇದ್ದಂತೆಯೇ ಇರಿಸಿ. ಈಗಿರುವ ಟೈಟಲ್, ಇಡೀ ಡಿಸ್ಕ್ರಿಪ್ಷನ್, ಟ್ಯಾಗ್, ಥಂಬ್‌ನೇಲ್ ಚಿತ್ರ ಎಲ್ಲವನ್ನೂ ತಾರೀಖು ಹಾಕಿ ಬೇರೆ ಕಡೆ ಉಳಿಸಿಕೊಳ್ಳಿ. ಬದಲಿಸಿ ಉಳಿಸಿದ ಮೇಲೆ ಹಳೆಯ ಪಠ್ಯವನ್ನು ಸ್ಟುಡಿಯೋದಿಂದ ಮರಳಿ ತರಿಸಿಕೊಳ್ಳಲು ದಾರಿ ಇಲ್ಲ.

ಟೈಟಲ್‌ನಿಂದ ಶುರುಮಾಡಿ. ‘ಸುಲಭವಾಗಿ’, ‘ರುಚಿಯಾದ’, ‘ಪರ್ಫೆಕ್ಟ್’ ಎಂಬ ವಿಶೇಷಣ ಸೇರಿಸಿದರೆ ಎರಡು ಟೈಟಲ್ ಬೇರೆಯಾಗುವುದಿಲ್ಲ. ಯಾರೂ ‘ಕಷ್ಟವಾದ ರಾಗಿ ಮುದ್ದೆ’ ಎಂದು ಹುಡುಕುವುದಿಲ್ಲವಾದ್ದರಿಂದ ‘ಸುಲಭ’ ಎಂಬುದು ಏನನ್ನೂ ವಿಂಗಡಿಸುವುದಿಲ್ಲ. ವಿಂಗಡಿಸುವ ಪದ ಎಂದರೆ ಒಂದು ವಿಡಿಯೋದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ವಸ್ತು, ಸಾಧನ, ಜಾಗ ಅಥವಾ ನೋಡುವವರ ಅಗತ್ಯ. ಸೌದೆ ಒಲೆ, ಕೋಲು, ಹಳ್ಳಿ ಇವು ಅಂಥವು. ಅವನ್ನು ಟೈಟಲ್‌ನ ಕೊನೆಗೆ ಅಂಟಿಸಬೇಡಿ, ಮುಂದೆಯೇ ಇಡಿ. ಮೊಬೈಲಿನ ಫಲಿತಾಂಶದಲ್ಲಿ ಉದ್ದದ ಟೈಟಲ್ ಕತ್ತರಿಸಿಹೋಗುತ್ತದೆ, ಎರಡರ ಮೊದಲ ಮೂರು ಪದ ಒಂದೇ ಆಗಿದ್ದರೆ ಉಳಿದದ್ದು ಯಾರಿಗೂ ಕಾಣುವುದಿಲ್ಲ.

```
ಸೌದೆ ಒಲೆಯಲ್ಲಿ ಹಳ್ಳಿ ಮುದ್ದೆ, ಕೋಲಿನಲ್ಲಿ ತೊಳಸುವ ಕ್ರಮ | Village Style Ragi Mudde
```

ಇದರಲ್ಲೂ ‘ಮುದ್ದೆ’ ಇದೆ, `Ragi Mudde` ಇದೆ. ಇರಲೇಬೇಕು. ಎರಡೂ ವಿಡಿಯೋ ಮುದ್ದೆಯದೇ ಆಗಿರುವಾಗ ಆ ಪದವನ್ನೇ ತೆಗೆದುಹಾಕಿದರೆ ಹಳೆಯ ವಿಡಿಯೋ ಯಾವ ಹುಡುಕಾಟಕ್ಕೂ ಸಿಗದಂತಾಗುತ್ತದೆ. ಹೋಗಬೇಕಾದದ್ದು ‘ಮಾಡುವ ವಿಧಾನ’ ಮತ್ತು `Recipe in Kannada` ಎಂಬ ಬಾಲ ಮಾತ್ರ, ಅವು ಹೊಸದರ ಸ್ವತ್ತು.

ಟೈಟಲ್‌ಗೆ 100 ಅಕ್ಷರದ ಮಿತಿ ಇದೆ. ಕನ್ನಡದಲ್ಲಿ ಅದು ಬೇಗ ತುಂಬುತ್ತದೆ, ಏಕೆಂದರೆ ಲೆಕ್ಕದಲ್ಲಿ ಸ್ವರಚಿಹ್ನೆ, ಒತ್ತು, ವ್ಯಂಜನ ಎಲ್ಲವೂ ಬೇರೆ ಬೇರೆ. ‘ಮುದ್ದೆ’ ಕಣ್ಣಿಗೆ ಎರಡೇ ಅಕ್ಷರ, ಲೆಕ್ಕಕ್ಕೆ 6. ಮೇಲಿನ ಟೈಟಲ್ 76 ಆಗುತ್ತದೆ. ಇನ್ನೊಂದು ಇಂಗ್ಲಿಷ್ ತುಂಡು ಸೇರಿಸುವ ಆಸೆ ಬರುವುದು ಇಲ್ಲೇ, ಬೇಡ.

ಲಿಪಿಯ ಬಗ್ಗೆ ಒಂದು ಮಾತು. ಒಂದು ವಿಡಿಯೋಗೆ ಕನ್ನಡ ಲಿಪಿ, ಇನ್ನೊಂದಕ್ಕೆ ಇಂಗ್ಲಿಷ್ ಲಿಪಿ ಎಂದು ಹಂಚಿಕೊಂಡರೆ ಜಗಳ ಮುಗಿಯುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಮುಗಿಯುವುದಿಲ್ಲ. `ragi mudde maduva vidhana` ಎಂದು ಟೈಪ್ ಮಾಡಿದವರಿಗೂ ಕನ್ನಡದಲ್ಲಿ ಟೈಪ್ ಮಾಡಿದವರಿಗೂ ಬೇಕಿರುವುದು ಒಂದೇ. ಲಿಪಿಯಿಂದ ಬೇರ್ಪಡಿಸಿದರೆ ಅರ್ಧ ಜನರಿಗೆ ಸರಿಯಾದ ವಿಡಿಯೋ, ಇನ್ನರ್ಧಕ್ಕೆ ತಪ್ಪು ವಿಡಿಯೋ ಸಿಗುತ್ತದೆ. ಎರಡೂ ವಿಡಿಯೋಗೆ ಎರಡೂ ಲಿಪಿ ಬೇಕು, ಬೇರೆಯಾಗಬೇಕಾದದ್ದು ಬೇಡಿಕೆ.

ಈಗ ಡಿಸ್ಕ್ರಿಪ್ಷನ್. ಬಹುಪಾಲು ಚಾನೆಲ್‌ಗಳಲ್ಲಿ ಗಂಟು ಹುಟ್ಟುವುದೇ ಇಲ್ಲಿ. ಸ್ಟುಡಿಯೋದ `Settings` ಒಳಗೆ `Upload defaults` ಎಂಬ ಜಾಗದಲ್ಲಿ ಒಮ್ಮೆ ಬರೆದಿಟ್ಟ ಪಠ್ಯ ಮತ್ತು ಟ್ಯಾಗ್ ಪ್ರತಿ ಹೊಸ ವಿಡಿಯೋಗೂ ತಾನಾಗಿ ಬಂದು ಕೂರುತ್ತವೆ. ಇಲ್ಲವೇ, ಹೊಸ ವಿಡಿಯೋ ಹಾಕುವಾಗ ಹಳೆಯದರ ವಿವರಗಳನ್ನೇ ನಕಲು ಮಾಡಿ ಎರಡು ಪದ ತಿದ್ದಿರುತ್ತಾರೆ. ಎರಡೂ ಡಿಸ್ಕ್ರಿಪ್ಷನ್‌ಗಳನ್ನು ಅಕ್ಕಪಕ್ಕ ತೆರೆದು ಒಂದೇ ತೆರನಾದ ವಾಕ್ಯಗಳನ್ನು ಗುರುತು ಮಾಡಿ. ಸೋಷಿಯಲ್ ಮೀಡಿಯಾ ಲಿಂಕ್, ಪಾತ್ರೆಗಳ ಪಟ್ಟಿ ಒಂದೇ ಇದ್ದರೆ ಚಿಂತೆಯಿಲ್ಲ, ಅವು ಕೆಳಗಿರಲಿ. ಮೇಲಿನ ಎರಡು ಮೂರು ವಾಕ್ಯಗಳು ಮಾತ್ರ ಪೂರ್ತಿ ಬೇರೆ ಇರಬೇಕು, ಏಕೆಂದರೆ ‘ಇನ್ನಷ್ಟು’ ಒತ್ತುವ ಮೊದಲು ಕಾಣುವುದು ಅಷ್ಟೇ.

ಹಳೆಯದಕ್ಕೆ ಹೀಗೆ ಬರೆಯಬಹುದು: ‘ಸೌದೆ ಒಲೆಯ ಮೇಲೆ ಎಸರು ಕುದಿಸಿ, ಹಿಟ್ಟನ್ನು ಕಲಕದೆ ಬೇಯಲು ಬಿಟ್ಟು, ಆಮೇಲೆ ಮುದ್ದೆ ಕೋಲಿನಲ್ಲಿ ತೊಳಸುವ ಹಳ್ಳಿಯ ಕ್ರಮ ಈ ವಿಡಿಯೋದಲ್ಲಿದೆ. ಕೋಲು ಹಿಡಿಯುವ ರೀತಿ, ಪಾತ್ರೆ ಜಾರದಂತೆ ಒತ್ತಿ ಹಿಡಿಯುವುದು, ಹಿಟ್ಟು ಬೆಂದಿದೆ ಎಂದು ತಿಳಿಯುವ ಗುರುತು ತೋರಿಸಿದೆ.’ ಇದರಲ್ಲಿ ಹುಡುಕಾಟದ ಮಾತನ್ನು ತುರುಕಿಲ್ಲ, ಆದರೆ ಈ ವಿಡಿಯೋದಲ್ಲಿ ಮಾತ್ರ ಇರುವ ಸಂಗತಿಗಳೆಲ್ಲ ಬಂದಿವೆ. ಇದರ ಕೆಳಗೆ ಒಂದು ಸಾಲು: ‘ಗ್ಯಾಸ್ ಒಲೆಯಲ್ಲಿ ಬೇಗ ಮಾಡಬೇಕಿದ್ದರೆ ಇದು’ ಎಂದು ಹೊಸ ವಿಡಿಯೋದ ಲಿಂಕ್. ಆ ಲಿಂಕ್‌ನ ಪಕ್ಕ ‘ರಾಗಿ ಮುದ್ದೆ ಮಾಡುವ ವಿಧಾನ’ ಎಂದು ಬರೆದರೆ ತೆಗೆದ ಮಾತನ್ನೇ ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದಂತೆ.

ಆಮೇಲೆ ಅಧ್ಯಾಯಗಳು. ಡಿಸ್ಕ್ರಿಪ್ಷನ್‌ನಲ್ಲಿ ಸಮಯ ಬರೆದು ಮಾಡುವ ಈ ವಿಭಾಗಗಳ ಹೆಸರೂ ವಿಡಿಯೋದೊಳಗೆ ಏನಿದೆ ಎಂದು ಹೇಳುವ ಪಠ್ಯವೇ. ‘ಪರಿಚಯ’, ‘ಬೇಕಾಗುವ ಸಾಮಗ್ರಿ’, ‘ಮಾಡುವ ವಿಧಾನ’ ಎಂದು ಎರಡೂ ವಿಡಿಯೋಗೆ ಒಂದೇ ಅಚ್ಚು ಬಳಸಿರುತ್ತಾರೆ. ಹಳೆಯದಕ್ಕೆ ಅದರದ್ದೇ ಹೆಸರು ಕೊಡಿ:

```
00:00 ಸೌದೆ ಒಲೆ, ಎಸರಿನ ಅಳತೆ
02:30 ಹಿಟ್ಟು ಸುರಿದು ಬೇಯಲು ಬಿಡುವುದು
06:15 ಮುದ್ದೆ ಕೋಲು ಹಿಡಿಯುವ ರೀತಿ
08:40 ತೊಳಸುವುದು, ಗಂಟು ಒಡೆಯುವುದು
11:50 ಮುದ್ದೆ ಕಟ್ಟುವುದು
```

ಮೊದಲ ಸಾಲು 00:00 ಆಗಿರಬೇಕು, ಕನಿಷ್ಠ ಮೂರು ಸಾಲು ಇರಬೇಕು, ಪ್ರತಿ ತುಂಡು 10 ಸೆಕೆಂಡಿಗೆ ಕಡಿಮೆ ಇರಬಾರದು, ಸಮಯ ಏರುಕ್ರಮದಲ್ಲೇ ಇರಬೇಕು. ಒಂದು ತಪ್ಪಿದರೂ ಅಧ್ಯಾಯಗಳು ಮೂಡುವುದಿಲ್ಲ.

ಟ್ಯಾಗ್‌ಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ. ಜನ ಕಾಗುಣಿತ ತಪ್ಪಿ ಹುಡುಕುವ ಪದಗಳಿಗೆ ಬಿಟ್ಟರೆ ಅವುಗಳ ಪಾತ್ರ ತೀರಾ ಚಿಕ್ಕದು ಎಂದು ಯೂಟ್ಯೂಬೇ ಹೇಳುತ್ತದೆ. ಆದರೆ ಎರಡೂ ವಿಡಿಯೋಗೆ ಒಂದೇ ಪಟ್ಟಿ ಅಂಟಿದ್ದರೆ ಹಳೆಯದರಿಂದ ‘ಮಾಡುವ ವಿಧಾನ’ ಗುಂಪಿನವನ್ನು ತೆಗೆದು, `halli mudde`, `mudde kolu` ಇಂಥ ಐದಾರು ಇಡಿ. ಹ್ಯಾಶ್‌ಟ್ಯಾಗ್‌ಗೂ ಅಷ್ಟೇ.

## ಮರೆತುಹೋಗುವ ಜಾಗಗಳು

ಎಲ್ಲ ಬದಲಿಸಿಯೂ ಒಂದು ತಿಂಗಳ ನಂತರ ಏನೂ ಆಗಿಲ್ಲ ಎನ್ನುವವರಲ್ಲಿ ಹಲವರು ಅನುವಾದದ ಟೈಟಲ್ ಮರೆತಿರುತ್ತಾರೆ. ಸ್ಟುಡಿಯೋದ ಭಾಷೆಗಳ ವಿಭಾಗದಲ್ಲಿ ಇಂಗ್ಲಿಷ್ ಟೈಟಲ್ ಮತ್ತು ಡಿಸ್ಕ್ರಿಪ್ಷನ್ ಪ್ರತ್ಯೇಕವಾಗಿ ಸೇರಿಸಿದ್ದರೆ, ಮೂಲ ಟೈಟಲ್ ಬದಲಿಸಿದಾಗ ಅದು ತಾನಾಗಿ ಬದಲಾಗುವುದಿಲ್ಲ. ಆ್ಯಪ್ ಅನ್ನು ಇಂಗ್ಲಿಷ್‌ನಲ್ಲಿ ಇಟ್ಟುಕೊಂಡವರಿಗೆ, ಅಂದರೆ ಕರ್ನಾಟಕದಲ್ಲೂ ಹೊರನಾಡಿನಲ್ಲೂ ಬಹಳಷ್ಟು ಕನ್ನಡಿಗರಿಗೆ, ಹಳೆಯ `Ragi Mudde Recipe` ಎಂಬುದೇ ಕಾಣುತ್ತಿರುತ್ತದೆ. ಅಲ್ಲಿಯೂ ಹೋಗಿ ತಿದ್ದಿ. ನೀವೇ ಮಾಡಿ ಹಾಕಿದ ಸಬ್‌ಟೈಟಲ್ ಇದ್ದರೆ ಅದನ್ನೂ ಒಮ್ಮೆ ಓದಿ.

ಎರಡನೆಯದು ಥಂಬ್‌ನೇಲ್. ಇದು ಪಠ್ಯವಲ್ಲ, ಆದರೆ ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ಸೊಪ್ಪಿನ ಸಾರು ಎಂಬ ಒಂದೇ ಚಿತ್ರ ಎರಡರಲ್ಲೂ ಇದ್ದರೆ ಟೈಟಲ್ ಬೇರೆಯಾಗಿದ್ದೂ ಜನ ತಪ್ಪು ಒತ್ತುತ್ತಾರೆ. ಹಳೆಯದರಲ್ಲಿ ಒಲೆಯ ಬೆಂಕಿ ಮತ್ತು ಕೋಲು ಹಿಡಿದ ಕೈ ಕಾಣಲಿ, ತಟ್ಟೆ ಹೊಸದಕ್ಕಿರಲಿ.

ಮೂರನೆಯದು ವಿಡಿಯೋದ ಮೊದಲ ಅರ್ಧ ನಿಮಿಷ. ಟೈಟಲ್ ‘ಸೌದೆ ಒಲೆಯ ಹಳ್ಳಿ ಮುದ್ದೆ’ ಎನ್ನುತ್ತದೆ, ಶುರುವಿನಲ್ಲಿ ‘ಇವತ್ತು ಸುಲಭವಾಗಿ ರಾಗಿ ಮುದ್ದೆ ಮಾಡೋದು ಹೇಗೆ ಅಂತ ನೋಡೋಣ’ ಎಂಬ ಮಾತಿದೆ. ಹೊಸ ಟೈಟಲ್ ನೋಡಿ ಬಂದವರಿಗೆ ಇದು ಬೇರೇನೋ ಎನಿಸುತ್ತದೆ. ಯೂಟ್ಯೂಬ್‌ನಲ್ಲಿ ಹಾಕಿದ ವಿಡಿಯೋದ ಕಡತವನ್ನು ಬದಲಿಸಲು ಬರುವುದಿಲ್ಲ, ಆದರೆ ಸ್ಟುಡಿಯೋದ `Editor` ಬಳಸಿ ಆ ತುಂಡನ್ನು ಕತ್ತರಿಸಬಹುದು, ಲಿಂಕ್ ಮತ್ತು ವೀಕ್ಷಣೆ ಹಾಗೆಯೇ ಉಳಿಯುತ್ತವೆ. ಕತ್ತರಿಸಿದ ಮೇಲೆ ಅಧ್ಯಾಯಗಳ ಸಮಯ ಅಷ್ಟು ಸೆಕೆಂಡು ಹಿಂದೆ ಸರಿಯಬೇಕು, ಇದನ್ನು ಮರೆತರೆ ಎಲ್ಲ ಅಧ್ಯಾಯವೂ ತಪ್ಪು ಜಾಗದಲ್ಲಿ ತೆರೆಯುತ್ತದೆ.

ಇಷ್ಟಾದ ಮೇಲೂ ತಪ್ಪಿ ಬರುವವರು ಇದ್ದೇ ಇರುತ್ತಾರೆ. ಹಳೆಯ ವಿಡಿಯೋದಲ್ಲಿ ಯಾವ ಕ್ಷಣಕ್ಕೆ ಎಷ್ಟು ಜನ ಉಳಿದರು ಎಂದು ತೋರಿಸುವ ಗೆರೆ ಎಲ್ಲಿ ಕಡಿದಾಗಿ ಬೀಳುತ್ತದೆ ಎಂದು ನೋಡಿ, ಅದಕ್ಕೆ ಕೆಲವು ಸೆಕೆಂಡು ಮೊದಲು ಹೊಸ ವಿಡಿಯೋಗೆ ಒಂದು ಕಾರ್ಡ್ ಇಡಿ. ಒಂದು ವಿಡಿಯೋದಲ್ಲಿ ಐದು ಕಾರ್ಡ್ ಇಡಲು ಅವಕಾಶವಿದ್ದರೂ ಈ ಕೆಲಸಕ್ಕೆ ಒಂದೇ ಸಾಕು. ಹೊರಡುವವರು ಹೇಗೂ ಹೊರಡುತ್ತಾರೆ, ನಿಮ್ಮದೇ ಇನ್ನೊಂದು ವಿಡಿಯೋಗೆ ಹೋಗಲಿ.

## ಕಾಯುವುದು, ಓದುವುದು

ಬದಲಿಸಿದ ದಿನವನ್ನು ಬರೆದಿಟ್ಟು 28 ದಿನ ಬಿಡಿ. ಮೊದಲ ವಾರದ ಏರಿಳಿತ ನೋಡಿ ಮತ್ತೆ ತಿದ್ದಲು ಹೋಗಬೇಡಿ, ಪ್ರತಿ ತಿದ್ದುಪಡಿಯೂ ಈ 28 ದಿನದ ಎಣಿಕೆಯನ್ನು ಮೊದಲಿನಿಂದ ಶುರುಮಾಡಿಸುತ್ತದೆ. ಈ ಅವಧಿಯಲ್ಲಿ ಸ್ಟುಡಿಯೋದ ಟೈಟಲ್ ಮತ್ತು ಥಂಬ್‌ನೇಲ್ ಹೋಲಿಕೆಯ ಪರೀಕ್ಷೆಯನ್ನೂ ಓಡಿಸಬೇಡಿ. ಅದು ಗೆದ್ದವರನ್ನು ಒಟ್ಟು ವೀಕ್ಷಣಾ ಸಮಯದಿಂದ ಆರಿಸುತ್ತದೆ, ನಿಮ್ಮ ಹುಡುಕಾಟದ ಮಾತು ಅದಕ್ಕೆ ಲೆಕ್ಕಕ್ಕಿಲ್ಲ. ಬೇರೆ ಬೇರೆ ಜನರಿಗೆ ಬೇರೆ ಬೇರೆ ಟೈಟಲ್ ತೋರಿಸುತ್ತಿರುವಾಗ ಯಾವ ಅಂಕಿಯನ್ನೂ ನಂಬುವಂತಿಲ್ಲ.

28 ದಿನದ ನಂತರ ಮೊದಲಿನಂತೆಯೇ ಎರಡೂ ಪಟ್ಟಿ ಇಳಿಸಿ, ಅದೇ ಗುಂಪುಗಳನ್ನು ಮಾಡಿ, ಬದಲಾವಣೆಗೆ ಮೊದಲಿನ 28 ದಿನಗಳೊಂದಿಗೆ ಹೋಲಿಸಿ. ‘ಮಾಡುವ ವಿಧಾನ’ ಗುಂಪಿನಲ್ಲಿ ಹಳೆಯದು ಇಳಿದು ಹೊಸದು ಏರಿದ್ದರೆ, ಮತ್ತು ‘ಹಳ್ಳಿ’ ಗುಂಪಿನಲ್ಲಿ ಹಳೆಯದು ಏರಿದ್ದರೆ, ಬೇರ್ಪಟ್ಟಿದೆ. ಹೊಸದರ ಏರಿಕೆ ಹಳೆಯದರ ಇಳಿಕೆಗೆ ಸಮವಾಗಿರಬೇಕಿಲ್ಲ. ಹಳೆಯದು ಬಿಟ್ಟ ಜಾಗದಲ್ಲಿ ಸ್ವಲ್ಪ ಬೇರೆ ಚಾನೆಲ್‌ಗಳಿಗೂ ಹೋಗುತ್ತದೆ. ಹಾಗಾಗಿ ವೀಕ್ಷಣೆಗಿಂತ ಎರಡೂ ವಿಡಿಯೋದ ಹುಡುಕಾಟದಿಂದ ಬಂದ ಒಟ್ಟು ನಿಮಿಷಗಳನ್ನು ಕೂಡಿಸಿ ನೋಡುವುದು ಹೆಚ್ಚು ನ್ಯಾಯ. ಜನ ಕಡಿಮೆಯಾಗಿ ನಿಮಿಷ ಹೆಚ್ಚಾಗಿದ್ದರೆ ಬದಲಾವಣೆ ಸರಿಯಾಗಿದೆ.

ಕೆಟ್ಟ ಗುರುತು ಒಂದೇ: ಹಳೆಯದು ದೊಡ್ಡ ಮಾತಿನಲ್ಲಿ ಕುಸಿದಿದೆ, ಹೊಸದು ಇದ್ದಲ್ಲೇ ಇದೆ, ಒಟ್ಟು ನಿಮಿಷವೂ ಇಳಿದಿದೆ. ಅಂದರೆ ಆ ಮಾತಿನಲ್ಲಿ ಚಾನೆಲ್‌ನ ಹಿಡಿತ ಇದ್ದದ್ದೇ ಹಳೆಯದರ ಬಲದಿಂದ. ಉಳಿಸಿಟ್ಟ ಹಳೆಯ ಟೈಟಲ್ ಮತ್ತು ಡಿಸ್ಕ್ರಿಪ್ಷನ್ ಮರಳಿ ಹಾಕಿ, ಈ ಸಲ ಸರಿಯುವ ಸರದಿ ಹೊಸದಕ್ಕೆ ಕೊಡಿ. ಅದರಲ್ಲಿ ಮಾತ್ರ ಇರುವ ಅಂಶ ‘ಗಂಟಾಗದಂತೆ’, ‘ಮೊದಲ ಸಲ ಮಾಡುವವರಿಗೆ’. `ragi mudde without lumps` ಎಂದು ಹುಡುಕಿ ಬಂದವರ ಸಾಲು ಅದರ ಪಟ್ಟಿಯಲ್ಲಿ ಇದೆಯೇ ನೋಡಿ, ಇದ್ದರೆ ಟೈಟಲ್ ಅಲ್ಲಿಂದ ಕಟ್ಟಿ.

ಎರಡು ವಿಡಿಯೋಗಳ ಒಳಗೂ ಒಂದೇ ಇದ್ದರೆ, ಅಂದರೆ ಅದೇ ಗ್ಯಾಸ್ ಒಲೆ, ಅದೇ ಅಳತೆ, ಅದೇ ಕ್ರಮ, ಕ್ಯಾಮೆರಾ ಮಾತ್ರ ಹೊಸದು ಎಂದಾದರೆ, ಯಾವ ಟೈಟಲ್ ಬರೆದರೂ ಅದು ಸುಳ್ಳು ವಿಂಗಡಣೆ. ಇಲ್ಲದ ಹಳ್ಳಿಯನ್ನು ಟೈಟಲ್‌ನಲ್ಲಿ ಹುಟ್ಟಿಸಿದರೆ ಬಂದವರು ಇನ್ನೂ ಬೇಗ ಹೋಗುತ್ತಾರೆ. ಆಗ ದುರ್ಬಲವಾದದ್ದನ್ನು `Unlisted` ಮಾಡಿ. ಅದು ಹುಡುಕಾಟದಲ್ಲಿ ಬರುವುದಿಲ್ಲ, ಆದರೆ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಹಳೆಯ ಲಿಂಕ್ ಕೆಲಸ ಮಾಡುತ್ತಲೇ ಇರುತ್ತದೆ, ಕಾಮೆಂಟುಗಳೂ ಉಳಿಯುತ್ತವೆ. `Private` ಮಾಡಿದರೆ ಲಿಂಕ್ ಸತ್ತುಹೋಗುತ್ತದೆ. ಡಿಲೀಟ್ ಮಾಡಿದರೆ ಮರಳಿ ಪಡೆಯಲಾಗದು, ಅದರ ವೀಕ್ಷಣೆ ಇನ್ನೊಂದಕ್ಕೆ ಸೇರುವುದೂ ಇಲ್ಲ. `Unlisted` ಮಾಡುವ ಮುನ್ನ ಅದರ ಡಿಸ್ಕ್ರಿಪ್ಷನ್‌ನ ಮೊದಲ ಸಾಲಿನಲ್ಲೂ ಪಿನ್ ಮಾಡಿದ ಕಾಮೆಂಟಿನಲ್ಲೂ ಉಳಿಸಿಕೊಂಡ ವಿಡಿಯೋದ ಲಿಂಕ್ ಹಾಕಿ, ಪ್ಲೇಲಿಸ್ಟ್‌ಗಳಿಂದ ಅದನ್ನು ತೆಗೆದು ಆ ಜಾಗದಲ್ಲಿ ಇನ್ನೊಂದನ್ನು ಸೇರಿಸಿ.